ಬಾಕಿ ಕ್ವೆರಿಗಳಿಗೆ ಕೊನೆಯ ರಿಮೈಂಡರ್: ಆಡಿಟ್ ಸೀನಿಯರ್ ಬರೆಯುವ ಮೇಲ್ ಹೇಗಿರಬೇಕು

ಆಗಸ್ಟ್ ಮಧ್ಯಕ್ಕೆ ಬಂದರೆ ಸಿಎ ಆಫೀಸುಗಳಲ್ಲಿ ಒಂದೇ ಮಾತು. "ಕ್ಲೈಂಟ್ ಇನ್ನೂ ಕೊಟ್ಟಿಲ್ಲ." ಜುಲೈನಲ್ಲಿ ಕಳಿಸಿದ ಕ್ವೆರಿ ಲಿಸ್ಟ್ ಅರ್ಧ ತುಂಬಿ ನಿಂತಿರುತ್ತದೆ. ಎರಡು ರಿಮೈಂಡರ್ ಹೋಗಿರುತ್ತವೆ, ನಾಲ್ಕು ಸಲ ಫೋನ್ ಆಗಿರುತ್ತದೆ. ಈಗ ಒಂದು ಗಟ್ಟಿ ಮೇಲ್ ಹೋಗಬೇಕು. ಬರೆಯುವವರು ಆಡಿಟ್ ಸೀನಿಯರ್, ಅಂದರೆ ಪಾರ್ಟ್ನರ್‌ಗೆ ಕೆಳಗೆ, ತರಬೇತಿಯಲ್ಲಿರುವ ಆರ್ಟಿಕಲ್ ಹುಡುಗರಿಗೆ ಮೇಲೆ ಸಿಕ್ಕಿಕೊಂಡಿರುವ ಮನುಷ್ಯ. ಗದರುವ ಅಧಿಕಾರ ಅವರಿಗಿಲ್ಲ. ಸುಮ್ಮನಿರುವಂತೆಯೂ ಇಲ್ಲ.

ಇಷ್ಟು ವರ್ಷದಲ್ಲಿ ನನಗೆ ಕಂಡಿದ್ದು ಹೇಳುತ್ತೇನೆ. ತಿಂಗಳು ಕಳೆದರೂ ಉತ್ತರ ಬಾರದ ಕ್ವೆರಿಗೆ ಸೋಮಾರಿತನ ಕಾರಣವಾಗಿರುವುದು ಕಡಿಮೆ. ಹೆಚ್ಚಿನ ಸಲ ಅದರ ಉತ್ತರ ಅಕೌಂಟ್ಸ್ ಮ್ಯಾನೇಜರ್ ಹತ್ತಿರ ಇರುವುದೇ ಇಲ್ಲ. ಸ್ಟೋರ್ಸ್‌ನಲ್ಲಿ ಇರುತ್ತದೆ, ಸೇಲ್ಸ್‌ನವರ ಮೇಲ್‌ಬಾಕ್ಸ್‌ನಲ್ಲಿ ಇರುತ್ತದೆ, ಇಲ್ಲವೇ ಮಾಲೀಕರ ತಲೆಯೊಳಗೆ ಇರುತ್ತದೆ. ಅಕೌಂಟ್ಸ್‌ನವರು ಅವರನ್ನು ಕೇಳಲು ಹಿಂಜರಿಯುತ್ತಾರೆ, ಕೇಳಿದರೂ ಯಾರೂ ಗಮನ ಕೊಡುವುದಿಲ್ಲ. ಹಾಗಾಗಿ ನಮ್ಮ ಮೇಲ್ ಆ ಇನ್ನೊಂದು ಟೇಬಲ್‌ಗೆ ಹಾಗೇ ಫಾರ್ವರ್ಡ್ ಮಾಡುವಂತೆ ಇರಬೇಕು. ಕೆಳಗೆ ಹೇಳುವುದೆಲ್ಲ ಇದಕ್ಕಾಗಿಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಯಂತ್ರದ ಬಿಡಿಭಾಗ ಮಾಡುತ್ತದೆ. ವಹಿವಾಟು 42 ಕೋಟಿ, ಬ್ಯಾಂಕಿನ ವರ್ಕಿಂಗ್ ಕ್ಯಾಪಿಟಲ್ ಮಿತಿ 6 ಕೋಟಿ. 2024-25ರ ಆಡಿಟ್. ಜುಲೈ 14ಕ್ಕೆ 34 ಕ್ವೆರಿ ಕಳಿಸಿದ್ದೆವು. ಆಗಸ್ಟ್ 18ರ ಹೊತ್ತಿಗೆ 9 ಬಾಕಿ.

ಮೊದಲು ನಮ್ಮ ಮನೆ ಗುಡಿಸಿಕೊಳ್ಳಬೇಕು

ಮೇಲ್ ಬರೆಯುವ ಮುಂಚೆ ಒಂದು ಗಂಟೆ ನಮ್ಮ ಫೋಲ್ಡರ್‌ಗಳಲ್ಲೇ ಹುಡುಕಬೇಕು. ಇದು ನನಗೆ ಪೆಟ್ಟು ತಿಂದು ಬಂದ ಬುದ್ಧಿ. ಸೀನಿಯರ್ ಆದ ಮೊದಲ ವರ್ಷ, ಲೋನಿನ ಸ್ಯಾಂಕ್ಷನ್ ಲೆಟರ್ ಬಂದಿಲ್ಲ ಅಂತ ಡೈರೆಕ್ಟರ್‌ಗೂ ಸೇರಿಸಿ ಖಾರವಾಗಿ ಬರೆದಿದ್ದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅದನ್ನು ಹದಿನೈದು ದಿನದ ಹಿಂದೆಯೇ ನಮ್ಮ ಆರ್ಟಿಕಲ್‌ನ ವಾಟ್ಸಾಪ್‌ಗೆ ಕಳಿಸಿದ್ದರು. ಆ ವರ್ಷ ಆಮೇಲೆ ನಾನು ಬರೆದ ಯಾವ ಮೇಲ್‌ಗೂ ಅಲ್ಲಿ ಬೆಲೆ ಇರಲಿಲ್ಲ.

ಆದ್ದರಿಂದ ಮೇಲ್, ವಾಟ್ಸಾಪ್, ಪೆನ್‌ಡ್ರೈವ್, ಹುಡುಗರ ಲ್ಯಾಪ್‌ಟಾಪ್ ಎಲ್ಲ ನೋಡಿ ಪ್ರತಿ ಕ್ವೆರಿಗೂ ಮೂರರಲ್ಲಿ ಒಂದು ಸ್ಥಿತಿ ಹಾಕಿ: ಏನೂ ಬಂದಿಲ್ಲ, ಬಂದಿದೆ ಆದರೆ ಸಾಲದು, ಮುಗಿದಿದೆ. ಎರಡನೆಯದರ ಬಗ್ಗೆ ಹುಷಾರಾಗಿರಬೇಕು. ಅವರ ಲೆಕ್ಕದಲ್ಲಿ ಅವರು ಕೊಟ್ಟಾಗಿದೆ. ಅದನ್ನು ನೀವು "ಪೆಂಡಿಂಗ್" ಅಂದರೆ ಅವರಿಗೆ ಸಿಟ್ಟು ಬರುವುದು ಸಹಜ ಅಲ್ವಾ? "ಆಗಸ್ಟ್ 4ಕ್ಕೆ ಲೆಡ್ಜರ್ ಸಿಕ್ಕಿದೆ, ಥ್ಯಾಂಕ್ಸ್. ಇನ್ನು ಬೇಕಿರುವುದು ಪಾರ್ಟಿಯ ಪತ್ರ ಮಾತ್ರ" ಅಂತ ಬರೆದರೆ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ.

ಒಂಬತ್ತರಲ್ಲಿ ವರದಿ ಹಿಡಿದಿಟ್ಟಿರುವುದು ಎಷ್ಟು?

ಒಂಬತ್ತನ್ನೂ ಒಂದೇ ದನಿಯಲ್ಲಿ ಕೇಳಿದರೆ ಒಂಬತ್ತೂ ಬರುವುದಿಲ್ಲ. ಬರುವುದಾದರೂ ಸುಲಭದ್ದು ಮೊದಲು ಬರುತ್ತದೆ. ಪಾರ್ಟ್ನರ್ ಜೊತೆ ಹತ್ತು ನಿಮಿಷ ಕೂತು, ಇದಿಲ್ಲದೆ ವರದಿಯ ಮಾತೇ ಬದಲಾಗುತ್ತದೆ ಅನ್ನುವಂಥವನ್ನು ಬೇರೆ ಮಾಡಿ. ನಮ್ಮ ಉದಾಹರಣೆಯಲ್ಲಿ ಅಂಥವು ಮೂರು.

ಒಂದು, ಡಿಸೆಂಬರ್ ತ್ರೈಮಾಸಿಕದ ಸ್ಟಾಕ್ ಸ್ಟೇಟ್‌ಮೆಂಟ್. ಬ್ಯಾಂಕಿಗೆ ಕೊಟ್ಟಿದ್ದು 4.10 ಕೋಟಿ, ಟ್ಯಾಲಿಯಲ್ಲಿ ಇರುವುದು 3.62 ಕೋಟಿ. 48 ಲಕ್ಷ ವ್ಯತ್ಯಾಸ. ಚಾಲ್ತಿ ಆಸ್ತಿಗಳ ಭದ್ರತೆಯ ಮೇಲೆ 5 ಕೋಟಿಗಿಂತ ಜಾಸ್ತಿ ವರ್ಕಿಂಗ್ ಕ್ಯಾಪಿಟಲ್ ಮಿತಿ ಇದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಅಂತ ಆಡಿಟ್ ವರದಿಯಲ್ಲಿ ಬರಬೇಕಾದ ವಿಷಯಗಳ ಪಟ್ಟಿ ಕೊಡುವ 2020ರ ಕಾರೋ ಆದೇಶದ ಪ್ರಕಾರ ನಾವು ಹೇಳಲೇಬೇಕು.

ಎರಡು, ಮೂವರು ಜಾಬ್‌ವರ್ಕ್‌ನವರ ಹತ್ತಿರ ಮಾರ್ಚ್ 31ಕ್ಕೆ ಇದ್ದ 27 ಲಕ್ಷದ ಮಾಲು. ಅವರ ಕನ್ಫರ್ಮೇಶನ್ ಬಂದಿಲ್ಲ.

ಮೂರು, ಒಬ್ಬ ಗ್ರಾಹಕರಿಂದ ಬರಬೇಕಾದ 38 ಲಕ್ಷ. ಬಿಲ್ಲು 2024ರ ಜೂನ್‌ನದು. ಇದುವರೆಗೂ ಒಂದು ರೂಪಾಯಿ ಬಂದಿಲ್ಲ, ಪ್ರಾವಿಷನ್ನೂ ಮಾಡಿಲ್ಲ.

ಉಳಿದ ಆರು ಚಿಲ್ಲರೆ. ಒಂದೆರಡು ವೋಚರ್, ಒಂದು ಚಲನ್, ಬಾಡಿಗೆ ಕರಾರಿನ ಪ್ರತಿ ಇಂಥವು. ಅವನ್ನು ಶೀಟ್‌ನಲ್ಲಿ ಹಾಕಿ, ಬೇರೆ ತಾರೀಕು ಕೊಡಿ. ಮೇಲ್‌ನ ಒಳಗೆ ಎಳೆಯಬೇಡಿ.

ತಾರೀಕನ್ನು ಹಿಂದಿನಿಂದ ಲೆಕ್ಕ ಹಾಕಿ

"ಆದಷ್ಟು ಬೇಗ ಕಳಿಸಿ" ಅನ್ನುವುದು ತಾರೀಕಲ್ಲ. "ಈ ವಾರದೊಳಗೆ" ಅನ್ನುವುದೂ ಅಲ್ಲ. ತಾರೀಕು ಎಲ್ಲಿಂದ ಹುಟ್ಟಿತು ಅಂತ ತೋರಿಸಿದರೆ ಮಾತ್ರ ಅದಕ್ಕೆ ತೂಕ.

ಮಾರ್ಚ್ 31ಕ್ಕೆ ವರ್ಷ ಮುಗಿಯುವ ಕಂಪನಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಸಬೇಕು. ಅದಕ್ಕೆ 21 ಪೂರ್ಣ ದಿನದ ನೋಟಿಸ್. ಕಳಿಸಿದ ದಿನ, ಸಭೆಯ ದಿನ ಎರಡೂ ಲೆಕ್ಕಕ್ಕಿಲ್ಲ. ಸಭೆ 30ಕ್ಕೇ ಅಂತಾದರೆ ನೋಟಿಸ್ ಸೆಪ್ಟೆಂಬರ್ 8ರೊಳಗೆ ಹೊರಡಬೇಕು. ಅದರ ಜೊತೆ ಸಹಿಯಾದ ಲೆಕ್ಕಪತ್ರ ಇರಬೇಕು. ನಮ್ಮ ಕಂಪನಿಯ ಬೋರ್ಡ್ ಸಭೆ ಸೆಪ್ಟೆಂಬರ್ 6, ಶನಿವಾರ. ಬೋರ್ಡ್ ಸಭೆಗೂ ಕನಿಷ್ಠ 7 ದಿನದ ನೋಟಿಸ್ ಬೇಕು. ಹಾಗಾಗಿ ಡ್ರಾಫ್ಟ್ ಆಗಸ್ಟ್ 28ಕ್ಕೆ ಡೈರೆಕ್ಟರ್‌ಗಳ ಕೈಯಲ್ಲಿರಬೇಕು. ಅದಕ್ಕೂ ಮುಂಚೆ ಪಾರ್ಟ್ನರ್ ಓದಬೇಕು, ಬಂದ ಉತ್ತರಗಳನ್ನು ನಾವು ಪರೀಕ್ಷಿಸಬೇಕು. 2025ರಲ್ಲಿ ಆಗಸ್ಟ್ 26 ಗೌರಿ, 27 ಗಣೇಶ. ಗೌರಿ ಹಬ್ಬದ ದಿನ ಪೀಣ್ಯದಲ್ಲಿ ಯಾರನ್ನು ಹುಡುಕುತ್ತೀರಿ? ಹಾಗಾಗಿ ಶನಿವಾರ, ಸೋಮವಾರ ನಮ್ಮ ಕೆಲಸಕ್ಕೆ. ಉತ್ತರಕ್ಕೆ ಕೊನೆ ಆಗಸ್ಟ್ 22, ಶುಕ್ರವಾರ ಸಂಜೆ 5 ಗಂಟೆ. ಈ ಲೆಕ್ಕವನ್ನು ಮೇಲ್‌ನಲ್ಲಿ ಎರಡು ಸಾಲಿನಲ್ಲಿ ಬರೆದರೆ ಸಾಕು.

ಕೆಲವರು "ಶಾರ್ಟರ್ ನೋಟಿಸ್ ತಗೊಂಡ್ರಾಯ್ತು ಬಿಡಿ" ಅನ್ನುತ್ತಾರೆ. ಮತ ಹಾಕುವ ಹಕ್ಕಿರುವ ಸದಸ್ಯರಲ್ಲಿ ಶೇ. 95ರಷ್ಟಾದರೂ ಒಪ್ಪಿದರೆ ವಾರ್ಷಿಕ ಸಭೆಗೆ ಆ ದಾರಿ ಇದೆ. ಆದರೆ ಅದನ್ನು ಅವರು ಹೇಳಲಿ. ನೀವೇ ಮೇಲ್‌ನಲ್ಲಿ ಬರೆದರೆ ನೀವು ಕೊಟ್ಟ ತಾರೀಕು ಅಲ್ಲಿಗೇ ಸತ್ತಿತು.

ಸಿಸಿ ಹಾಕುವ ಮುಂಚೆ ಒಂದು ಫೋನ್

ಮೇಲ್ ಹೋಗುವುದು ಅಕೌಂಟ್ಸ್ ಮ್ಯಾನೇಜರ್ ಹೆಸರಿಗೇ. ಸಿಸಿಯಲ್ಲಿ ಹಣಕಾಸು ನೋಡುವ ಡೈರೆಕ್ಟರ್, ನಮ್ಮ ಪಾರ್ಟ್ನರ್. ಆದರೆ ಮೇಲಿನವರ ಮುಂದೆ ಏಕಾಏಕಿ ಅವರ ಹೆಸರು ಎಳೆಯಬಾರದು. ಹಿಂದಿನ ದಿನ ಫೋನ್ ಮಾಡಬೇಕು.

"ಸರ್, ನಾಳೆ ಬಾಕಿ ಕ್ವೆರಿ ಬಗ್ಗೆ ಒಂದು ಮೇಲ್ ಕಳಿಸ್ತಿದ್ದೀನಿ. ಡೈರೆಕ್ಟರ್ ಸರ್‌ನೂ ಸೇರಿಸ್ತೀನಿ. ಸ್ಟೋರ್ಸ್‌ನಿಂದ, ಸೇಲ್ಸ್‌ನಿಂದ ನಿಮಗೆ ಬರಬೇಕಾದ್ದು ಇದೆಯಲ್ಲ, ಅದು ಬೇಗ ಬರಲಿ ಅಂತ."

"ಸೇರಿಸಿ ಸರ್. ನಾನು ಕೇಳಿದ್ರೆ ಸೇಲ್ಸ್‌ನವ್ರು ಫೋನೇ ಎತ್ತಲ್ಲ."

ಈ ಎರಡನೇ ಮಾತು ಕೇಳಿದ ಮೇಲೆ ಮೇಲ್ ಬರೆಯುವುದು ಸಲೀಸು. ಯಾವ ಕ್ವೆರಿ ಯಾರ ಹತ್ತಿರ ನಿಂತಿದೆ ಅಂತ ಆ ಫೋನ್‌ನಲ್ಲೇ ಕೇಳಿಟ್ಟುಕೊಳ್ಳಿ.

ಒಂದೊಂದು ಕ್ವೆರಿಯೂ ಒಂಟಿಯಾಗಿ ನಿಲ್ಲಬೇಕು

"ಕ್ವೆರಿ ನಂ. 17 ಪೆಂಡಿಂಗ್" ಅಂತ ಬರೆದರೆ ಸ್ಟೋರ್ಸ್ ಇನ್‌ಚಾರ್ಜ್‌ಗೆ ಏನು ಅರ್ಥವಾಗಬೇಕು? ಅವರು ನಮ್ಮ ಲಿಸ್ಟನ್ನೇ ನೋಡಿಲ್ಲ. ಪ್ರತಿ ಕ್ವೆರಿಯಲ್ಲೂ ನಾಲ್ಕು ವಿಷಯ ಬರಲಿ. ನಮಗೆ ಕಂಡದ್ದೇನು, ಬೇಕಾದ ಕಾಗದ ಯಾವುದು, ಅದು ಯಾರ ಹತ್ತಿರ ಇರಬಹುದು, ಬರದಿದ್ದರೆ ವರದಿಯಲ್ಲಿ ಏನಾಗುತ್ತದೆ.

ಕೊನೆಯದು ಸೂಕ್ಷ್ಮ. ಎಲ್ಲದಕ್ಕೂ "ಕ್ವಾಲಿಫೈ ಮಾಡ್ತೀವಿ", ಅಂದರೆ ವರದಿಯ ಅಭಿಪ್ರಾಯದಲ್ಲೇ ತಕರಾರು ಬರೀತೀವಿ ಅಂತ ಗುಮ್ಮ ತೋರಿಸುವ ಚಾಳಿ ಕೆಲವರಿಗಿದೆ. ಅದು ತಪ್ಪು ಮಾಹಿತಿಯೂ ಹೌದು. ಸ್ಟಾಕ್ ಸ್ಟೇಟ್‌ಮೆಂಟ್ ವ್ಯತ್ಯಾಸವನ್ನೇ ನೋಡಿ. ಕಾರಣ ಕೊಡಲಿ ಬಿಡಲಿ, ವ್ಯತ್ಯಾಸ ಇದ್ದರೆ ಅದರ ವಿವರ ಕಾರೋ ಅನುಬಂಧದಲ್ಲಿ ಬರುತ್ತದೆ. ಕಾರಣ ಕೊಟ್ಟರೆ ಅದೂ ಜೊತೆಗೆ ಬರುತ್ತದೆ. ಕೊಡದಿದ್ದರೆ ಬರೀ 48 ಲಕ್ಷ ಅನ್ನುವ ಅಂಕಿ ಬರುತ್ತದೆ. ಅದನ್ನು ಅವರ ಬ್ಯಾಂಕ್ ಮ್ಯಾನೇಜರ್ ಓದುತ್ತಾರೆ. ಇಷ್ಟು ಹೇಳಿದರೆ ಸಾಕು, ಡೈರೆಕ್ಟರ್‌ಗೆ ಅರ್ಥವಾಗುತ್ತದೆ. 38 ಲಕ್ಷದ ಬಾಕಿ ಬೇರೆ ಜಾತಿ. ಅಲ್ಲಿ ಆಧಾರ ಸಿಗದಿದ್ದರೆ ಅಭಿಪ್ರಾಯವೇ ಬದಲಾಗಬಹುದು. ಆದರೂ ಸೀನಿಯರ್ ಬರೆಯಬೇಕಾದ್ದು "ವರದಿಯ ಮೇಲೆ ಪರಿಣಾಮವನ್ನು ಪಾರ್ಟ್ನರ್ ಪರಿಶೀಲಿಸಬೇಕಾಗುತ್ತದೆ" ಅಂತ. ತೀರ್ಮಾನ ನಮ್ಮದಲ್ಲ.

ಬರೆಯಬಾರದ್ದು ಎರಡಿವೆ. ಒಂದು, ಮೆಟೀರಿಯಾಲಿಟಿ ಅಂಕಿ. "9 ಲಕ್ಷಕ್ಕಿಂತ ಕಡಿಮೆ ಆದರೆ ನಮಗೆ ತೊಂದರೆ ಇಲ್ಲ" ಅಂತ ಒಮ್ಮೆ ಬಾಯಿಬಿಟ್ಟರೆ, ಮುಂದಿನ ವರ್ಷ ವ್ಯತ್ಯಾಸವೆಲ್ಲ 8 ಲಕ್ಷದ ಆಸುಪಾಸಿನಲ್ಲೇ ಇರುತ್ತದೆ. ಇನ್ನೊಂದು, "ನಿಮಗೆ ಪುರುಸೊತ್ತಿಲ್ಲದಿದ್ದರೆ ತಾಳೆಪಟ್ಟಿ ನಾವೇ ಮಾಡಿಕೊಡ್ತೀವಿ" ಅನ್ನುವ ಮಾತು. ಒಳ್ಳೆಯತನಕ್ಕೆ ಬರುತ್ತದೆ, ಗೊತ್ತು. ಆದರೆ ನಾವೇ ಮಾಡಿದ್ದನ್ನು ನಾವೇ ಆಡಿಟ್ ಮಾಡುವುದು ಹೇಗೆ? ಆಡಿಟ್ ಮಾಡುವ ಕಂಪನಿಗೆ ಲೆಕ್ಕ ಬರೆದುಕೊಡುವುದನ್ನು ಕಂಪನಿ ಕಾಯ್ದೆಯ 144ನೇ ಸೆಕ್ಷನ್ ನಿಷೇಧಿಸಿದೆ. ಖಾಲಿ ನಮೂನೆ ಕಳಿಸಬಹುದು, ತುಂಬಿಕೊಡಬಾರದು.

ಮೇಲ್ ಹೀಗಿತ್ತು

ನಮ್ಮಲ್ಲಿ ಇಂಥ ಮೇಲ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ, ಕ್ರಮ ಇದೇ.

> ವಿಷಯ: 2024-25 ಆಡಿಟ್: 3 ಮುಖ್ಯ ಕ್ವೆರಿಗೆ ಆಗಸ್ಟ್ 22, ಸಂಜೆ 5ರೊಳಗೆ ಉತ್ತರ ಬೇಕು
>
> ನಮಸ್ಕಾರ ಸರ್,
>
> ಜುಲೈ 14ರಂದು ಕಳಿಸಿದ 34 ಕ್ವೆರಿಗಳಲ್ಲಿ 25 ನಿಮ್ಮ ಸಹಕಾರದಿಂದ ಮುಗಿದಿವೆ. ಧನ್ಯವಾದ. ಜುಲೈ 31 ಮತ್ತು ಆಗಸ್ಟ್ 11ರಂದು ನೆನಪಿಸಿದ ಮೇಲೂ 9 ಉಳಿದಿವೆ. ಅವುಗಳಲ್ಲಿ ಈ ಮೂರು ಇಲ್ಲದೆ ಡ್ರಾಫ್ಟ್ ವರದಿ ಸಿದ್ಧಪಡಿಸಲು ಆಗುವುದಿಲ್ಲ.
>
> 1. ಡಿಸೆಂಬರ್ 2024ರ ಸ್ಟಾಕ್ ಸ್ಟೇಟ್‌ಮೆಂಟ್: ಬ್ಯಾಂಕಿಗೆ ಕೊಟ್ಟದ್ದು ರೂ. 4.10 ಕೋಟಿ, ಪುಸ್ತಕದಲ್ಲಿ ರೂ. 3.62 ಕೋಟಿ. ರೂ. 48 ಲಕ್ಷದ ವ್ಯತ್ಯಾಸಕ್ಕೆ ಐಟಂವಾರು ತಾಳೆಪಟ್ಟಿ ಬೇಕು. ಇದು ಸ್ಟೋರ್ಸ್ ವಿಭಾಗದಿಂದ ಬರಬೇಕೆಂದು ತಿಳಿದಿದೆ. ಬಾರದಿದ್ದರೆ ವ್ಯತ್ಯಾಸದ ಮೊತ್ತ ಕಾರಣವಿಲ್ಲದೆ ಕಾರೋ ಅನುಬಂಧದಲ್ಲಿ ಬರುತ್ತದೆ.
>
> 2. ಜಾಬ್‌ವರ್ಕ್‌ನವರ ಬಳಿ ಮಾರ್ಚ್ 31ಕ್ಕೆ ಇದ್ದ ರೂ. 27 ಲಕ್ಷದ ಮಾಲು: ಮೂವರಿಗೂ ನಾವು ಕಳಿಸಿದ ಪತ್ರಕ್ಕೆ ಉತ್ತರ ಬಂದಿಲ್ಲ. ದಯವಿಟ್ಟು ಅವರಿಗೆ ಒಮ್ಮೆ ಹೇಳಿಸಿ. ಉತ್ತರ ನೇರವಾಗಿ ನಮ್ಮ ವಿಳಾಸಕ್ಕೇ ಬರಬೇಕು. ಜೊತೆಗೆ ಡೆಲಿವರಿ ಚಲನ್‌ಗಳು, ಮಾರ್ಚ್‌ವರೆಗಿನ ಜಿಎಸ್‌ಟಿ ಐಟಿಸಿ-04 ನಮೂನೆಯ ಪ್ರತಿ ಬೇಕು.
>
> 3. ರೂ. 38 ಲಕ್ಷ ಬರಬೇಕಾದ ಬಾಕಿ (ಜೂನ್ 2024ರ ಬಿಲ್ಲುಗಳು): ಲೆಡ್ಜರ್ ಸಿಕ್ಕಿದೆ. ಮಾರ್ಚ್ ನಂತರ ಹಣ ಬಂದಿದ್ದರೆ ಬ್ಯಾಂಕ್ ದಾಖಲೆ, ಗ್ರಾಹಕರೊಂದಿಗೆ ಸೇಲ್ಸ್ ವಿಭಾಗ ನಡೆಸಿದ ಪತ್ರವ್ಯವಹಾರ, ಪ್ರಾವಿಷನ್ ಬೇಡ ಎಂಬುದಕ್ಕೆ ಆಡಳಿತದ ಆಧಾರ ಬೇಕು. ಇವು ಸಿಗದಿದ್ದರೆ ವರದಿಯ ಮೇಲಿನ ಪರಿಣಾಮವನ್ನು ನಮ್ಮ ಪಾರ್ಟ್ನರ್ ಪರಿಶೀಲಿಸಬೇಕಾಗುತ್ತದೆ.
>
> ಬೋರ್ಡ್ ಸಭೆ ಸೆಪ್ಟೆಂಬರ್ 6ಕ್ಕೆ ಇರುವುದರಿಂದ ಡ್ರಾಫ್ಟ್ ಆಗಸ್ಟ್ 28ಕ್ಕೆ ಕಳಿಸಬೇಕು. ನಡುವೆ ಹಬ್ಬದ ರಜೆ ಇದೆ. ಹಾಗಾಗಿ ಈ ಮೂರಕ್ಕೆ ಆಗಸ್ಟ್ 22, ಶುಕ್ರವಾರ ಸಂಜೆ 5 ಗಂಟೆ ಕೊನೆಯ ಸಮಯ. ಉಳಿದ ಆರು ಶೀಟ್‌ನಲ್ಲಿವೆ, ಅವು ಸೆಪ್ಟೆಂಬರ್ 1ರೊಳಗೆ ಸಿಕ್ಕರೆ ಸಾಕು. ಮೇಲಿನ ಮೂರು 22ರ ನಂತರ ಬಂದರೆ 28ರ ಡ್ರಾಫ್ಟ್‌ನಲ್ಲಿ ಆ ವಿಷಯಗಳನ್ನು ಬಾಕಿ ಎಂದೇ ತೋರಿಸುತ್ತೇವೆ.
>
> ಎಂಗೇಜ್‌ಮೆಂಟ್ ಲೆಟರ್‌ನಲ್ಲಿ ಒಪ್ಪಿದಂತೆ ಬೇಕಾದ ಮಾಹಿತಿ ಒದಗಿಸುವುದು ಆಡಳಿತದ ಹೊಣೆ. ಬೇಕಾದ ಎಲ್ಲ ಮಾಹಿತಿ ಸಿಕ್ಕಿತೇ ಎಂದು ವರದಿಯಲ್ಲಿ ಹೇಳುವುದು ನಮ್ಮ ಹೊಣೆ. ಯಾವುದಾದರೂ 22ರೊಳಗೆ ಸಾಧ್ಯವಿಲ್ಲ ಎನಿಸಿದರೆ ನಾಳೆ ಸಂಜೆಯೊಳಗೆ ತಿಳಿಸಿ, ಪರ್ಯಾಯ ದಾಖಲೆ ಏನಿದೆ ನೋಡೋಣ. ಗುರುವಾರ ಬೆಳಿಗ್ಗೆ 11ಕ್ಕೆ ನಾನು ನಿಮ್ಮ ಆಫೀಸಿನಲ್ಲಿರುತ್ತೇನೆ.
>
> ವಂದನೆಗಳು,
> ಆಡಿಟ್ ಸೀನಿಯರ್

ಇದರಲ್ಲಿ ಕಾನೂನಿನ ಸೆಕ್ಷನ್ ಒಂದೂ ಇಲ್ಲ, ಗಮನಿಸಿ. 143ನೇ ಸೆಕ್ಷನ್ ನಮಗೆ ಮಾಹಿತಿ ಕೇಳುವ ಹಕ್ಕು ಕೊಟ್ಟಿದೆ. ಮಾಹಿತಿ ಸಿಗದಿದ್ದರೆ ಅದರ ವಿವರ, ಲೆಕ್ಕಪತ್ರದ ಮೇಲೆ ಅದರ ಪರಿಣಾಮ ಎರಡನ್ನೂ ವರದಿಯಲ್ಲಿ ಬರೆಯಬೇಕು ಅಂತಲೂ ಹೇಳುತ್ತದೆ. ಅದನ್ನು ಪಾರ್ಟ್ನರ್ ಡೈರೆಕ್ಟರ್‌ಗಳಿಗೆ ಬರೆಯುವ ಪತ್ರಕ್ಕೆ ಉಳಿಸಿಕೊಳ್ಳಿ. ಸೀನಿಯರ್ ಸೆಕ್ಷನ್ ಹಿಡಿದು ನಿಂತರೆ ಅವರು ತಮ್ಮ ಕನ್ಸಲ್ಟೆಂಟ್‌ನನ್ನು ಕರೆಸುತ್ತಾರೆ. ಆಮೇಲೆ ವಾದ ಬೆಳೆಯುತ್ತದೆ, ಕಾಗದ ಬರುವುದಿಲ್ಲ. ಎಂಗೇಜ್‌ಮೆಂಟ್ ಲೆಟರ್ ಆದರೆ ಅವರೇ ಸಹಿ ಹಾಕಿದ್ದು.

ಕಳಿಸುವ ಮುಂಚೆ ಪಾರ್ಟ್ನರ್ ಒಮ್ಮೆ ಓದಲಿ. "ಪಾರ್ಟ್ನರ್ ಪರಿಶೀಲಿಸಬೇಕಾಗುತ್ತದೆ" ಅಂತ ಬರೆದು ಅವರಿಗೇ ಗೊತ್ತಿಲ್ಲದಿದ್ದರೆ, ಡೈರೆಕ್ಟರ್ ಅವರಿಗೆ ಫೋನ್ ಮಾಡಿದಾಗ ನಿಮ್ಮ ಗತಿ ಏನು? ಆಮೇಲೆ ಬೆಳಿಗ್ಗೆ ಹತ್ತರ ಸುಮಾರಿಗೆ ಕಳಿಸಿ. ರಾತ್ರಿ ಹನ್ನೊಂದಕ್ಕೆ ಹೋದ ಮೇಲ್ ಎಷ್ಟೇ ಮೆತ್ತಗಿದ್ದರೂ ಸಿಟ್ಟಿನಲ್ಲಿ ಬರೆದಂತೆ ಕಾಣುತ್ತದೆ.

ಉತ್ತರ ಬಂದ ಮೇಲೆ

ಉತ್ತರ ಬಂದ ಮಾತ್ರಕ್ಕೆ ಕ್ವೆರಿ ಮುಗಿಯುವುದಿಲ್ಲ. 38 ಲಕ್ಷಕ್ಕೆ ಮೊದಲು ಬಂದ ಉತ್ತರ "ಪಾರ್ಟಿ ಹಳಬರು, ದುಡ್ಡು ಬರುತ್ತೆ" ಅಂತ. ಇದು ವಿವರಣೆ, ಸಾಕ್ಷ್ಯ ಅಲ್ಲ. ಆಡಳಿತದಿಂದ ಇದನ್ನೇ ಪತ್ರದಲ್ಲಿ ಬರೆಸಿಕೊಂಡರೂ ಅದೊಂದೇ ಸಾಲದು. ಗುರುವಾರ ಆಫೀಸಿಗೆ ಹೋದಾಗ ಸೇಲ್ಸ್‌ನವರನ್ನು ಡೈರೆಕ್ಟರೇ ಕರೆಸಿ ಕೂರಿಸಿದ್ದರು. ಅವರ ಮೇಲ್‌ಬಾಕ್ಸ್‌ನಲ್ಲಿ ಫೆಬ್ರವರಿ 2025ರ ಒಂದು ಪತ್ರ ಸಿಕ್ಕಿತು. 16 ಲಕ್ಷದ ಮಾಲಿನ ಅಳತೆ ಸರಿಯಿಲ್ಲ ಅಂತ ಗ್ರಾಹಕರು ತಿರಸ್ಕರಿಸಿದ್ದರು. ಅಕೌಂಟ್ಸ್ ಮ್ಯಾನೇಜರ್‌ಗೆ ಆ ಪತ್ರ ಇರುವುದೇ ಗೊತ್ತಿರಲಿಲ್ಲ. ಪಾಪ, ತಿಂಗಳಿಂದ ನಮ್ಮ ಕೈಲಿ ಬೈಸಿಕೊಳ್ಳುತ್ತಿದ್ದರು. ಆ 16 ಲಕ್ಷವನ್ನು ಮಾರ್ಚ್ 31ರ ಲೆಕ್ಕದಲ್ಲೇ ಇಳಿಸಿದರು. ಉಳಿದ 22ರಲ್ಲಿ 12 ಲಕ್ಷ ಆಗಸ್ಟ್ 20ಕ್ಕೆ ಬ್ಯಾಂಕಿಗೆ ಬಂದಿತ್ತು. 10 ಲಕ್ಷಕ್ಕೆ ಗ್ರಾಹಕರು ಬಾಕಿ ಒಪ್ಪಿ, ಕೊಡುವ ತಾರೀಕು ಬರೆದ ಮೇಲ್ ಇತ್ತು.

ಸ್ಟಾಕ್ ವ್ಯತ್ಯಾಸದ ಉತ್ತರ ಸ್ಟೋರ್ಸ್‌ನಿಂದ ಅರ್ಧ ದಿನದಲ್ಲಿ ಬಂತು. 31 ಲಕ್ಷ, ಗ್ರಾಹಕರೇ ಕೆಲಸಕ್ಕೆ ಕೊಟ್ಟಿದ್ದ ಅವರದೇ ಕಚ್ಚಾ ಮಾಲು. ಅದನ್ನೂ ಎಣಿಸಿ ಬ್ಯಾಂಕಿಗೆ ಕೊಟ್ಟಿದ್ದರು. ಇನ್ನು 17 ಲಕ್ಷ ಡಿಸೆಂಬರ್ 30, 31ಕ್ಕೆ ಲಾರಿ ಹತ್ತಿದ ಸರಕು, ಲಿಸ್ಟ್‌ನಿಂದ ತೆಗೆದಿರಲಿಲ್ಲ. ವ್ಯತ್ಯಾಸ ವರದಿಯಲ್ಲಿ ಬಂದೇ ಬಂತು, ಆದರೆ ಕಾರಣದ ಜೊತೆ.

ಜಾಬ್‌ವರ್ಕ್‌ನವರಲ್ಲಿ ಇಬ್ಬರ ಉತ್ತರ ನೇರವಾಗಿ ನಮಗೆ ಬಂತು. ಮೂರನೆಯವರದ್ದನ್ನು ಅಕೌಂಟ್ಸ್‌ನವರೇ ಸ್ಕ್ಯಾನ್ ಮಾಡಿ ಕಳಿಸಿದರು. ಅದನ್ನು ಹಾಗೇ ಒಪ್ಪುವಂತಿಲ್ಲ. ಕ್ಲೈಂಟ್ ಕೈ ದಾಟಿ ಬಂದ ಕನ್ಫರ್ಮೇಶನ್‌ಗೆ ಆ ತೂಕ ಇರುವುದಿಲ್ಲ. ಅವರ ಶೆಡ್ ಎರಡು ಬೀದಿ ಆಚೆ ಇತ್ತು. ಶುಕ್ರವಾರ ಮಧ್ಯಾಹ್ನ ಆರ್ಟಿಕಲ್ ಹುಡುಗ ಹೋಗಿ, ಏಪ್ರಿಲ್‌ನಿಂದ ಈಚೆಗೆ ವಾಪಸ್ ಬಂದ ಮಾಲಿನ ಚಲನ್‌ಗಳನ್ನು ಐಟಿಸಿ-04ರ ಜೊತೆ ಹೊಂದಿಸಿ ನೋಡಿ, ಅವರ ರಿಜಿಸ್ಟರಿನ ಫೋಟೋ ತಂದ. ಸಂಜೆ ನಾಲ್ಕೂಮುಕ್ಕಾಲಕ್ಕೆ ಆ ಸಾಲಿನ ಮುಂದೆ "ಕನ್ಫರ್ಮೇಶನ್ ಇಲ್ಲ, ಪರ್ಯಾಯ ಪರೀಕ್ಷೆ ಆಗಿದೆ" ಅಂತ ಬರೆದೆ. ಜುಲೈ 14ರಿಂದ ಅಂದಿನವರೆಗಿನ ಎಲ್ಲ ಮೇಲ್‌ಗಳನ್ನೂ ತಾರೀಕಿನ ಪ್ರಕಾರ ಆಡಿಟ್ ಫೈಲಿಗೆ ಸೇರಿಸಿದೆ. ಬಾಡಿಗೆ ಕರಾರಿನ ಪ್ರತಿ ಮಾತ್ರ ಸೆಪ್ಟೆಂಬರ್ 3ಕ್ಕೆ ಬಂತು, ಅದೂ ವಾಟ್ಸಾಪ್‌ನಲ್ಲಿ.